ಕುದಿಯುವುದೊಂದು, ಕರಗುವುದೊಂದು

ಕಳೆದ ಬೇಸಿಗೆಯ ಒಂದು ಭಾನುವಾರ, ಹನ್ನೆರಡನೆಯ ತರಗತಿಯಲ್ಲಿ ಓದುವ ನಮ್ಮ ಅಣ್ಣನ ಮಗಳು ರಸಾಯನಶಾಸ್ತ್ರದ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದಳು. ಮುಖ ಸಪ್ಪಗಿತ್ತು. ಪರೀಕ್ಷೆಯಲ್ಲಿ ಎರಡು ಪ್ರಶ್ನೆಗಳು ಬಂದಿದ್ದುವಂತೆ. ನಾಲ್ಕು ವಸ್ತುಗಳನ್ನು ಕೊಟ್ಟು, ಅವುಗಳನ್ನು ಕುದಿಬಿಂದುವಿನ ಏರಿಕೆಯ ಕ್ರಮದಲ್ಲಿ ಬರೆಯಿರಿ ಎಂಬುದು ಮೊದಲನೆಯದು. ಅವನ್ನೇ ನೀರಿನಲ್ಲಿ ಕರಗುವ ಕ್ರಮದಲ್ಲಿ ಬರೆಯಿರಿ ಎಂಬುದು ಎರಡನೆಯದು. ಮೊದಲನೆಯದಕ್ಕೆ ಬರೆದ ಪಟ್ಟಿಯನ್ನೇ ಅವಳು ಎರಡನೆಯದಕ್ಕೂ ನಕಲು ಮಾಡಿ ಬಂದಿದ್ದಳು.

“ಚಿಕ್ಕಪ್ಪ, ಜಲಜನಕ ಬಂಧ ಇದ್ದರೆ ಕುದಿಬಿಂದು ಹೆಚ್ಚು, ಕರಗುವುದೂ ಹೆಚ್ಚು ಅಂತ ತಾನೆ ಹೇಳಿಕೊಟ್ಟದ್ದು? ಮತ್ತೆ ಎರಡನೆಯದು ತಪ್ಪು ಹೇಗಾಯಿತು?” ಎಂದು ಕೇಳಿದಳು.

ನಾವು ಬಿ.ಎ. ಓದಿದವರು, ಪ್ರಯೋಗಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಕಚೇರಿಯಲ್ಲಿ ಪಟ್ಟಿ ಮಾಡುವುದೇ ನಮ್ಮ ಕಸುಬು. ಒಂದೇ ಸಿಬ್ಬಂದಿಯನ್ನು ಸೇವೆಗೆ ಸೇರಿದ ದಿನಾಂಕದ ಮೇಲೆ ಜೋಡಿಸಿದರೆ ಒಂದು ಪಟ್ಟಿ, ಸಂಬಳದ ಮೇಲೆ ಜೋಡಿಸಿದರೆ ಬೇರೊಂದು. ಹೆಸರುಗಳು ಅವೇ, ಪ್ರಶ್ನೆ ಬೇರೆ. ಇಲ್ಲಿಯೂ ಅಂಥದೇ ಏನೋ ಇರಬೇಕೆನ್ನಿಸಿತು. ಪುಸ್ತಕಗಳನ್ನು ತಿರುವಿಹಾಕಿ, ಕೋಷ್ಟಕಗಳನ್ನು ನೋಡಿ, ನಮ್ಮ ಸಂಘದ ಸದಸ್ಯರಾದ ಒಬ್ಬ ರಸಾಯನಶಾಸ್ತ್ರದ ಅಧ್ಯಾಪಕರನ್ನು ಎರಡು ಸಂಜೆ ಕಾಡಿ ನಾವು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮನೆಯಲ್ಲಿ ಓದುವ ಮಕ್ಕಳಿರುವ ವಾಚಕರಿಗೆ ಇದು ಉಪಯೋಗಕ್ಕೆ ಬಂದೀತು.

ಆ ಪ್ರಶ್ನೆಯಲ್ಲಿದ್ದ ನಾಲ್ಕು ವಸ್ತುಗಳನ್ನೇ ತೆಗೆದುಕೊಳ್ಳೋಣ: ಪೆಂಟೇನ್, ಈಥರ್, ಬ್ಯೂಟಿರಾಲ್ಡಿಹೈಡ್ ಮತ್ತು ಬ್ಯೂಟೈಲ್ ಮದ್ಯಸಾರ. ಪೆಂಟೇನ್ ಪೆಟ್ರೋಲಿನ ಬಳಗದ್ದು; ಬರಿಯ ಇಂಗಾಲ, ಜಲಜನಕಗಳಿಂದಾದದ್ದು. ಈಥರ್ ಎಂದರೆ 1846ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ರೋಗಿಗೆ ಮೂಸಲು ಕೊಟ್ಟು, ನೋವಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿ ಎಲ್ಲರನ್ನೂ ಬೆರಗುಗೊಳಿಸಿದ ಆ ದ್ರವ. ಮಿಕ್ಕೆರಡು ಬಣ್ಣ, ವಾರ್ನಿಷು ಮೊದಲಾದವುಗಳ ಕಾರ್ಖಾನೆಗಳಿಗೆ ಬೇಕಾದ ಸರಕುಗಳು. ಈ ನಾಲ್ಕನ್ನೇ ಆರಿಸಿದ್ದಕ್ಕೆ ಕಾರಣವಿದೆ. ಇವುಗಳ ಅಣುತೂಕ 72 ಇಲ್ಲವೆ 74. ಎಂದರೆ ತಕ್ಕಡಿಯಲ್ಲಿ ಎಲ್ಲವೂ ಸರಿಸಮ. ಅದರಲ್ಲೂ ಈಥರು ಮತ್ತು ಬ್ಯೂಟೈಲ್ ಮದ್ಯಸಾರಗಳ ಸೂತ್ರವೂ ಒಂದೇ, C₄H₁₀O. ನಾಲ್ಕು ಇಂಗಾಲ, ಹತ್ತು ಜಲಜನಕ, ಒಂದು ಆಮ್ಲಜನಕ. ಜೋಡಣೆ ಮಾತ್ರ ಬೇರೆ.

ಈಗ ಉಷ್ಣಮಾಪಕ ಏನು ಹೇಳುತ್ತದೆ ನೋಡೋಣ. ಈಥರ್ ಕುದಿಯುವುದು 34.6 ಡಿಗ್ರಿಯಲ್ಲಿ, ದೆಹಲಿಯ ಮೇ ತಿಂಗಳ ಮಧ್ಯಾಹ್ನ ಬಾಟಲಿಯ ಬಿರಡೆ ತೆಗೆದಿಟ್ಟರೆ ಒಲೆಯಿಲ್ಲದೆಯೇ ಕುದಿದುಹೋದೀತು. ಪೆಂಟೇನ್ 36 ಡಿಗ್ರಿಯಲ್ಲಿ, ಬ್ಯೂಟಿರಾಲ್ಡಿಹೈಡ್ ಸುಮಾರು 75ರಲ್ಲಿ, ಬ್ಯೂಟೈಲ್ ಮದ್ಯಸಾರ ಸುಮಾರು 118ರಲ್ಲಿ ಕುದಿಯುತ್ತವೆ. ಇನ್ನು ನೀರಿನ ಲೆಕ್ಕ. ಸಾಮಾನ್ಯ ಉಷ್ಣತೆಯಲ್ಲಿ ಒಂದು ಲೀಟರು ನೀರಿನಲ್ಲಿ ಪೆಂಟೇನ್ ಕರಗುವುದು ಸುಮಾರು 40 ಮಿಲಿಗ್ರಾಂ ಮಾತ್ರ. ಅದು ಕರಗಲಿಲ್ಲವೆಂದೇ ಹೇಳಬಹುದು. ಉಳಿದ ಮೂರೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಕರಗುತ್ತವೆ: ಲೀಟರಿಗೆ 60ರಿಂದ 80 ಗ್ರಾಂವರೆಗೆ.

ಈ ಅಂಕಿಗಳನ್ನು ಒಂದು ಸಲ ನಿಧಾನವಾಗಿ ನೋಡಬೇಕು. ಪೆಂಟೇನ್ ಮತ್ತು ಈಥರ್ ಕುದಿಯುವುದರಲ್ಲಿ ಅಣ್ಣತಮ್ಮಂದಿರು. ಆದರೆ ಕರಗುವುದರಲ್ಲಿ ಒಂದಕ್ಕಿಂತ ಇನ್ನೊಂದು ಸಾವಿರ ಪಾಲಿಗೂ ಮಿಗಿಲು. ಈಥರ್ ಮತ್ತು ಬ್ಯೂಟೈಲ್ ಮದ್ಯಸಾರಗಳು ಕುದಿಯುವುದರಲ್ಲಿ 83 ಡಿಗ್ರಿ ದೂರ. ಆದರೆ ಕರಗುವುದರಲ್ಲಿ ನೆರೆಹೊರೆಯವು. ಹೀಗಿರಲು ಒಂದು ಪಟ್ಟಿಯನ್ನು ನೋಡಿ ಇನ್ನೊಂದನ್ನು ಬರೆಯುವುದು ಹೇಗೆ ಸಾಧ್ಯ? ನಮ್ಮ ಹುಡುಗಿಯ ತಪ್ಪು ಇದ್ದದ್ದು ಇಲ್ಲೇ.

ಮೊದಲು ಕುದಿಯುವುದೆಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ನೀರು ಕುದಿದು ಹಬೆಯಾದಾಗ ನೀರಿನ ಅಣು ಒಡೆಯುವುದಿಲ್ಲ. ಹಬೆಯೂ ನೀರೇ, ತಣ್ಣನೆಯ ತಟ್ಟೆ ಹಿಡಿದರೆ ಹನಿಯಾಗಿ ಇಳಿಯುತ್ತದೆ. ಒಂದು ಅಣು ತನ್ನ ಪಕ್ಕದ ಅಣುವಿನ ಹಿಡಿತವನ್ನು ಬಿಡಿಸಿಕೊಂಡು ಹೊರಟುಹೋಗುವುದೇ ಕುದಿಯುವುದು. ಆದ್ದರಿಂದ ಕುದಿಬಿಂದುವಿನ ಪ್ರಶ್ನೆ ಒಂದೇ: ಈ ವಸ್ತುವಿನ ಅಣುಗಳು ತಮ್ಮತಮ್ಮಲ್ಲಿ ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದುಕೊಂಡಿವೆ?

ಈ ಹಿಡಿತದಲ್ಲಿ ಮೂರು ಬಗೆ ಉಂಟು. ಮೊದಲನೆಯದು ಎಲ್ಲ ಅಣುಗಳಲ್ಲಿಯೂ ಇರುವಂಥದು. ಅಣುವಿನ ಸುತ್ತ ಎಲೆಕ್ಟ್ರಾನುಗಳು ಒಂದೆಡೆ ನಿಲ್ಲದೆ ಸದಾ ಓಲಾಡುತ್ತಿರುತ್ತವೆ. ಒಂದು ಗಳಿಗೆ ಈ ಕಡೆ ಹೆಚ್ಚು, ಇನ್ನೊಂದು ಗಳಿಗೆ ಆ ಕಡೆ. ಹಾಗೆ ಓಲಿದಾಗಲೆಲ್ಲ ಪಕ್ಕದ ಅಣುವಿನ ಎಲೆಕ್ಟ್ರಾನುಗಳೂ ಅದಕ್ಕೆ ತಾಳ ಹಾಕುತ್ತವೆ. ಎರಡಕ್ಕೂ ಅಷ್ಟಿಷ್ಟು ಸೆಳೆತ ಹುಟ್ಟುತ್ತದೆ. 1930ರಲ್ಲಿ ಇದರ ಗಣಿತವನ್ನು ಕೊಟ್ಟವನು ಫ್ರಿಟ್ಸ್ ಲಂಡನ್ ಎಂಬ ಜರ್ಮನ್ ವಿಜ್ಞಾನಿ. ಅಣು ದೊಡ್ಡದಾದಷ್ಟೂ, ಅಣುಗಳು ಒಂದಕ್ಕೊಂದು ತಾಗುವ ಮೈ ಹೆಚ್ಚಾದಷ್ಟೂ ಈ ಸೆಳೆತ ಬಲಿಯುತ್ತದೆ. ನಮ್ಮ ನಾಲ್ಕು ವಸ್ತುಗಳೂ ಸಮತೂಕದವಾದ್ದರಿಂದ ಈ ಬಾಬಿನಲ್ಲಿ ನಾಲ್ಕಕ್ಕೂ ಹತ್ತಿರ ಹತ್ತಿರದ ಅಂಕವೇ. ಪೆಂಟೇನಿಗೆ ಇದಿಷ್ಟೇ ಆಸ್ತಿ.

ಎರಡನೆಯದು, ಅಣುವಿನಲ್ಲಿಯೇ ಒಂದು ತುದಿ ಧನ, ಒಂದು ತುದಿ ಋಣವಾಗಿ ಖಾಯಮ್ಮಾಗಿ ನಿಂತಿರುವಾಗ ಬರುವ ಸೆಳೆತ. ಆಮ್ಲಜನಕಕ್ಕೆ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಎಳೆದುಕೊಳ್ಳುವ ಸ್ವಭಾವ. ಬ್ಯೂಟಿರಾಲ್ಡಿಹೈಡಿನಲ್ಲಿ ಇಂಗಾಲಕ್ಕೂ ಆಮ್ಲಜನಕಕ್ಕೂ ಜೋಡಿಬಂಧವಿದೆ, ಎಳೆತ ಜೋರು. ಈಥರಿನಲ್ಲಿ ಆಮ್ಲಜನಕ ಎರಡು ಇಂಗಾಲಗಳ ನಡುವೆ ಸಿಕ್ಕಿಕೊಂಡಿದೆ. ಎಳೆತ ಇದೆ, ಆದರೆ ಅದರ ಅರ್ಧಕ್ಕೂ ಕಡಿಮೆ. ಬ್ಯೂಟಿರಾಲ್ಡಿಹೈಡ್ 75 ಡಿಗ್ರಿಗೆ ಏರಿದ್ದು ಈ ಬಲದಿಂದ.

ಮೂರನೆಯದೇ ಜಲಜನಕ ಬಂಧ. 1920ರಲ್ಲಿ ಲ್ಯಾಟಿಮರ್, ರೋಡ್‌ಬುಷ್ ಎಂಬಿಬ್ಬರು ಅಮೆರಿಕದ ವಿಜ್ಞಾನಿಗಳು ನೀರಿನ ನಡತೆಯನ್ನು ವಿವರಿಸಲು ಇದನ್ನು ಮುಂದಿಟ್ಟರು. ಇದಕ್ಕೆ ಎರಡು ಕೈ ಬೇಕು: ಒಂದು ಕೊಡುವ ಕೈ, ಒಂದು ಪಡೆಯುವ ಕೈ. ಆಮ್ಲಜನಕಕ್ಕೋ ಸಾರಜನಕಕ್ಕೋ ಫ್ಲೋರಿನಿಗೋ ನೇರವಾಗಿ ಅಂಟಿಕೊಂಡಿರುವ ಜಲಜನಕವೇ ಕೊಡುವ ಕೈ. ಅದರ ಎಲೆಕ್ಟ್ರಾನನ್ನು ಯಜಮಾನ ಎಳೆದುಕೊಂಡುಬಿಟ್ಟಿರುವುದರಿಂದ ಅದು ಬರಿಮೈಯಾಗಿ ನಿಂತಿರುತ್ತದೆ. ಇನ್ನೊಂದು ಅಣುವಿನ ಆಮ್ಲಜನಕದ ಮೇಲಿರುವ ಒಂಟಿ ಎಲೆಕ್ಟ್ರಾನು ಜೋಡಿಯೇ ಪಡೆಯುವ ಕೈ. ಇವೆರಡೂ ಎದುರುಬದುರಾದಾಗ ಬಂಧ ಏರ್ಪಡುತ್ತದೆ. ಅಣುವಿನ ಒಳಗಿನ ಬಂಧದ ಮುಂದೆ ಇದು ಇಪ್ಪತ್ತರಲ್ಲಿ ಒಂದು ಪಾಲು ಇದ್ದೀತು; ಆದರೆ ಹಿಂದಿನ ಎರಡು ಸೆಳೆತಗಳಿಗೆ ಹೋಲಿಸಿದರೆ, ಸಣ್ಣ ಅಣುಗಳಲ್ಲಿ ಇದರದೇ ಮೇಲುಗೈ.

ಇಲ್ಲಿ ಮಕ್ಕಳು ಮಾಡುವ ತಪ್ಪು ಒಂದುಂಟು. ಅಣುವಿನಲ್ಲಿ ಜಲಜನಕವೂ ಇದೆ, ಆಮ್ಲಜನಕವೂ ಇದೆ, ಆದ್ದರಿಂದ ಜಲಜನಕ ಬಂಧವಿದೆ ಎಂದು ಬರೆದುಬಿಡುತ್ತಾರೆ. ಈಥರಿನಲ್ಲಿ ಹತ್ತು ಜಲಜನಕಗಳಿವೆ. ಆದರೆ ಹತ್ತೂ ಇಂಗಾಲಕ್ಕೆ ಅಂಟಿದವು. ಕೊಡುವ ಕೈ ಒಂದೂ ಇಲ್ಲ. ಬ್ಯೂಟಿರಾಲ್ಡಿಹೈಡಿನಲ್ಲಿಯೂ ಹಾಗೆಯೇ. ಬ್ಯೂಟೈಲ್ ಮದ್ಯಸಾರದಲ್ಲಿ ಒಂಬತ್ತು ಜಲಜನಕಗಳು ಇಂಗಾಲಕ್ಕೆ ಅಂಟಿದ್ದರೂ ಹತ್ತನೆಯದು ಆಮ್ಲಜನಕದ ಮೇಲೆ ಕುಳಿತಿದೆ. ಆ ಒಂದರಿಂದಲೇ ಅದಕ್ಕೆ ಕೊಡುವ ಕೈಯೂ ಬಂತು, ಪಡೆಯುವ ಕೈಯೂ ಉಂಟು. ಅಣುಗಳು ಸಾಲುಗಟ್ಟಿ ಕೈಕೈ ಹಿಡಿದುಕೊಂಡುವು. ಕುದಿಬಿಂದು 118ಕ್ಕೆ ಏರಿತು.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಈಥರಿನ ಅಣುಗಳೆಲ್ಲ ಪಡೆಯುವ ಕೈಯವೇ. ಭಿಕ್ಷುಕರೇ ತುಂಬಿರುವ ಛತ್ರದಲ್ಲಿ ಕೊಡುವವರು ಯಾರು? ಆದ್ದರಿಂದ ಅವು ತಮ್ಮತಮ್ಮಲ್ಲಿ ಜಲಜನಕ ಬಂಧ ಮಾಡಲಾರವು. ಆದರೆ ಆ ಈಥರನ್ನು ನೀರಿಗೆ ಸುರಿಯಿರಿ. ನೀರಿನ ಪ್ರತಿಯೊಂದು ಅಣುವಿನಲ್ಲಿಯೂ ಕೊಡುವ ಕೈ ಎರಡಿವೆ! ಈಥರಿನ ಆಮ್ಲಜನಕಕ್ಕೆ ಬೇಕಾಗಿದ್ದುದೂ ಅದೇ. ತನ್ನ ಬಳಗದಲ್ಲಿ ದೊರೆಯದ ಬಂಧ ಅದಕ್ಕೆ ನೀರಿನಲ್ಲಿ ದೊರೆಯಿತು. ಪೆಂಟೇನಿಗಾದರೋ ಕೊಡುವ ಕೈಯೂ ಇಲ್ಲ, ಪಡೆಯುವ ಕೈಯೂ ಇಲ್ಲ. ನೀರಿನ ಸಂತೆಯಲ್ಲಿ ಅದನ್ನು ಕೇಳುವವರಿಲ್ಲ.

“ಹಾಗಾದರೆ ಎರಡು ಕೈಯೂ ಇರುವ ಮದ್ಯಸಾರ ಈಥರಿಗಿಂತ ಬಹಳ ಹೆಚ್ಚು ಕರಗಬೇಕಲ್ಲ, ಚಿಕ್ಕಪ್ಪ?” ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ನಮಗೂ ಅದೇ ಸಂಶಯ ಬಂದು ಅಧ್ಯಾಪಕರನ್ನು ಕೇಳಿದ್ದೆವು. ಅವರು ಹೇಳಿದ್ದು ಜಮಾಖರ್ಚಿನ ಮಾತು. ಮದ್ಯಸಾರ ನೀರಿಗೆ ಬರಬೇಕಾದರೆ ತನ್ನವರೊಡನೆ ಹಿಡಿದಿದ್ದ ಕೈಯನ್ನು ಮೊದಲು ಬಿಡಬೇಕು, ಅದು ಖರ್ಚು. ನೀರಿನೊಡನೆ ಹೊಸದಾಗಿ ಕೈ ಹಿಡಿಯುವುದು ಜಮೆ. ಈಥರಿಗೆ ಜಮೆ ಕಡಿಮೆ, ಆದರೆ ಬಿಡಬೇಕಾದ ಬಂಧವೂ ಇಲ್ಲ, ಖರ್ಚೂ ಕಡಿಮೆ. ಎರಡಕ್ಕೂ ಇಂಗಾಲದ ಮೈ ನಾಲ್ಕು ನಾಲ್ಕೇ. ಕೊನೆಯಲ್ಲಿ ಶಿಲ್ಕು ಹೆಚ್ಚುಕಡಿಮೆ ಒಂದೇ ಆಗಿ ನಿಲ್ಲುತ್ತದೆ.

ಈ ಇಂಗಾಲದ ಮೈಯ ವಿಚಾರವನ್ನು ಸ್ವಲ್ಪ ವಿವರಿಸಬೇಕು. ಅಣುವನ್ನು ತಲೆ, ಬಾಲ ಎಂದು ಎರಡು ಭಾಗ ಮಾಡಿಕೊಳ್ಳಬಹುದು. ಆಮ್ಲಜನಕವಿರುವ ತಲೆ ನೀರಿಗೆ ಪ್ರಿಯ. ಇಂಗಾಲದ ಬಾಲ ನೀರಿಗೆ ಹೊರೆ. ಬಾಲ ಒಳಗೆ ಬಂದರೆ ನೀರಿನ ಅಣುಗಳು ಅದಕ್ಕೆ ಎಡೆಮಾಡಿಕೊಡಬೇಕು. ತಮ್ಮ ಕೈಗಳನ್ನು ಬಿಡದೆ ಅದರ ಸುತ್ತ ಶಿಸ್ತಾಗಿ ನಿಲ್ಲಬೇಕು. ಸ್ವೇಚ್ಛೆಯಾಗಿ ತಿರುಗಾಡುವ ಅಣುಗಳಿಗೆ ಈ ಕಟ್ಟುಪಾಡು ನಷ್ಟವೇ. ಬಾಲ ಉದ್ದವಾದಷ್ಟೂ ನಷ್ಟ ಹೆಚ್ಚು.

ಮದ್ಯಸಾರಗಳನ್ನು ಸಾಲಾಗಿ ನಿಲ್ಲಿಸಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಎರಡು ಇಂಗಾಲದ ಸಾಮಾನ್ಯ ಮದ್ಯಸಾರ 78 ಡಿಗ್ರಿಯಲ್ಲಿ, ಮೂರರದು 97ರಲ್ಲಿ, ನಾಲ್ಕರದು 118ರಲ್ಲಿ, ಐದರದು 138ರಲ್ಲಿ, ಆರರದು 157ರಲ್ಲಿ ಕುದಿಯುತ್ತದೆ. ಒಂದೊಂದು ಇಂಗಾಲಕ್ಕೂ ಸುಮಾರು ಇಪ್ಪತ್ತು ಡಿಗ್ರಿ ಏರಿಕೆ. ಕರಗುವುದರಲ್ಲಿ? ಮೊದಲಿನೆರಡು ನೀರಿನೊಡನೆ ಎಷ್ಟು ಬೇಕಾದರೂ ಬೆರೆಯುತ್ತವೆ. ನಾಲ್ಕರದು ಲೀಟರಿಗೆ ಸುಮಾರು 75 ಗ್ರಾಂ, ಐದರದು 22, ಆರರದು ಬರಿಯ 6. ತಲೆ ಎಲ್ಲಕ್ಕೂ ಒಂದೇ, ಬೆಳೆದದ್ದು ಬಾಲ. ಆ ಬಾಲವೇ ಕುದಿಬಿಂದುವನ್ನು ಮೇಲಕ್ಕೆ ಎತ್ತುತ್ತದೆ, ಕರಗುವ ಗುಣವನ್ನು ಕೆಳಕ್ಕೆ ನೂಕುತ್ತದೆ. ಇಲ್ಲಿ ಒಂದು ಪಟ್ಟಿಯನ್ನು ತಲೆಕೆಳಗು ಮಾಡಿದರೆ ಇನ್ನೊಂದು ಪಟ್ಟಿ ಸಿಗುತ್ತದೆ.

ಬಾಲವನ್ನು ಉದ್ದ ಮಾಡದೆ ಮುದುರಿಟ್ಟರೂ ಹೀಗೆಯೇ ಆಗುತ್ತದೆ. ಬ್ಯೂಟೈಲ್ ಮದ್ಯಸಾರದ ನಾಲ್ಕು ಇಂಗಾಲಗಳನ್ನು ಸಾಲಾಗಿ ಇಡುವ ಬದಲು, ಒಂದರ ಸುತ್ತ ಮೂರನ್ನು ಇಟ್ಟು ಉಂಡೆ ಕಟ್ಟಿದರೆ ಟರ್ಷಿಯರಿ ಬ್ಯೂಟೈಲ್ ಮದ್ಯಸಾರವಾಗುತ್ತದೆ. ಉಂಡೆಗೂ ಉಂಡೆಗೂ ತಾಗುವ ಮೈ ಕಡಿಮೆ. ತಲೆಯೂ ಉಂಡೆಯೊಳಗೆ ಹುದುಗಿರುವುದರಿಂದ ಕೈಹಿಡಿಯಲು ಇಕ್ಕಟ್ಟು. ಕುದಿಬಿಂದು 118ರಿಂದ 82ಕ್ಕೆ ಇಳಿಯುತ್ತದೆ. ಆದರೆ ನೀರಿಗೆ ಉಂಡೆಯನ್ನು ಸುತ್ತುವರಿಯುವುದು ಉದ್ದ ಬಾಲವನ್ನು ಸುತ್ತುವರಿಯುವುದಕ್ಕಿಂತ ಹಗುರ. ಅದು ನೀರಿನೊಡನೆ ಪೂರ್ತಿಯಾಗಿ ಬೆರೆತುಹೋಗುತ್ತದೆ.

ಇಷ್ಟು ತಿಳಿದ ಮೇಲೆ ಪಟ್ಟಿ ಮಾಡುವ ರೀತಿ ಹೀಗೆ. ಕುದಿಬಿಂದುವಿಗಾದರೆ ಮೊದಲು ಅಣುತೂಕಗಳನ್ನು ನೋಡಬೇಕು. ಅವು ಹತ್ತಿರವಾಗಿದ್ದರೆ ಮಾತ್ರ ಮುಂದಿನ ಹೆಜ್ಜೆ: ತನ್ನ ಬಳಗದಲ್ಲಿಯೇ ಕೊಡುವ ಕೈ, ಪಡೆಯುವ ಕೈ ಎರಡೂ ಉಳ್ಳದ್ದು ಮೇಲೆ, ಖಾಯಂ ಧನ ಋಣ ತುದಿಗಳುಳ್ಳದ್ದು ನಡುವೆ, ಏನೂ ಇಲ್ಲದ್ದು ಕೆಳಗೆ. ನೀರಿನಲ್ಲಿ ಕರಗುವುದಕ್ಕಾದರೆ, ನೀರು ಹಿಡಿಯಬಹುದಾದ ಕೈ ಒಂದಾದರೂ ಇದೆಯೇ ಎಂದು ಮೊದಲು ಕೇಳಬೇಕು. ಇದ್ದರೆ, ಒಂದು ಕೈಗೆ ಎಷ್ಟು ಇಂಗಾಲದ ಹೊರೆ ಎಂದು ಎಣಿಸಬೇಕು. ಆಮ್ಲಜನಕ ಒಂದಕ್ಕೆ ಮೂರು ಇಂಗಾಲದವರೆಗೆ ಸಾಮಾನ್ಯವಾಗಿ ಚೆನ್ನಾಗಿ ಬೆರೆಯುತ್ತದೆ, ನಾಲ್ಕೈದಕ್ಕೆ ಅಷ್ಟಿಷ್ಟು, ಅದರ ಮೇಲೆ ಕಷ್ಟ.

ತೂಕವನ್ನು ಮೊದಲು ನೋಡಬೇಕೆಂದದ್ದನ್ನು ಮರೆಯಬಾರದು. ಸೀಮೆಎಣ್ಣೆಯಲ್ಲಿ ಜಲಜನಕ ಬಂಧದ ಸುಳಿವೇ ಇಲ್ಲ. ಆದರೂ ಅದು ಕುದಿಯುವುದು 150 ಡಿಗ್ರಿಯಿಂದ ಮೇಲೆ; ಜಲಜನಕ ಬಂಧದ ಯಜಮಾನನಾದ ನೀರು 100ರಲ್ಲಿಯೇ ಕುದಿಯುತ್ತದೆ. ನೀರಿನ ಅಣುತೂಕ 18. ಸೀಮೆಎಣ್ಣೆಯ ಅಣುಗಳು ಅದರ ಎಂಟು, ಹತ್ತು ಪಾಲು ಭಾರ. ಸಣ್ಣ ಸೆಳೆತವೂ ಉದ್ದನೆಯ ಮೈಯುದ್ದಕ್ಕೂ ಕೂಡಿದರೆ ದೊಡ್ಡದಾಗುತ್ತದೆ.

ಈ ಪದ್ಧತಿಗೂ ಒಂದು ಮೇರೆ ಇದೆ. ಅದು ನಮ್ಮ ನಾಲ್ಕು ವಸ್ತುಗಳಲ್ಲಿಯೇ ಅಡಗಿ ಕುಳಿತಿದೆ. ಪದ್ಧತಿಯ ಪ್ರಕಾರ ಈಥರಿಗೆ ಧನ ಋಣ ತುದಿಗಳಿರುವುದರಿಂದ ಅದು ಪೆಂಟೇನಿಗಿಂತ ಮೇಲೆ ನಿಲ್ಲಬೇಕು. ಪುಸ್ತಕದ ಉತ್ತರವೂ ಹಾಗೆಯೇ ಇತ್ತು. ಆದರೆ ಮೇಲೆ ಕೊಟ್ಟ ಅಂಕಿಗಳನ್ನು ಇನ್ನೊಮ್ಮೆ ನೋಡಿ: ಈಥರ್ 34.6, ಪೆಂಟೇನ್ 36. ಪೆಂಟೇನೇ ಒಂದೂವರೆ ಡಿಗ್ರಿ ಮೇಲಿದೆ! ಈಥರಿನ ಎಳೆತ ಸಣ್ಣದು. ಮೇಲಾಗಿ ಆಮ್ಲಜನಕ ತನ್ನ ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಅವು ಓಲಾಡುವುದೂ ಸ್ವಲ್ಪ ಕಡಿಮೆ. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಯಿತು. ಬರಿಯ ತರ್ಕದಿಂದ ಹೇಳಬಹುದಾದದ್ದು, ಈ ಎರಡೂ ಒಂದರ ಪಕ್ಕ ಒಂದು ಇರುತ್ತವೆ ಎಂಬಷ್ಟೆ. ಯಾವುದು ಮುಂದೆ, ಯಾವುದು ಹಿಂದೆ ಎಂಬುದನ್ನು ಉಷ್ಣಮಾಪಕವೇ ಹೇಳಬೇಕು. ಬಂಧದ ಬಗೆಯಲ್ಲಿ ಸ್ಪಷ್ಟವಾದ ಒಂದು ಮೆಟ್ಟಿಲಿನ ಅಂತರ ಕಾಣದಿದ್ದಾಗ ಕೋಷ್ಟಕ ನೋಡದೆ ಕ್ರಮ ಹೇಳಬಾರದು.

ಈಥರು, ಪೆಂಟೇನುಗಳನ್ನು ಮನೆಯಲ್ಲಿಡುವ ಹಾಗಿಲ್ಲ. ಕಿಡಿ ತಾಗಿದರೆ ಧಗ್ಗೆಂದು ಹೊತ್ತಿಕೊಳ್ಳುವ ವಸ್ತುಗಳವು. ಆದರೆ ಎರಡು ಪಟ್ಟಿಗಳ ಭೇದವನ್ನು ಮನೆಯಲ್ಲಿಯೇ ನೋಡಬಹುದು. ನಾವು ನೋಡಿದ್ದು ಹೀಗೆ. ಅಡಿಗೆಮನೆಯಿಂದ ದೂರ, ಬಾಗಿಲು ಕಿಟಕಿ ತೆರೆದಿಟ್ಟ ವರಾಂಡದಲ್ಲಿ ಒಂದು ಸ್ಟೀಲ್ ತಟ್ಟೆಯ ಮೇಲೆ ನಾಲ್ಕು ಹನಿಗಳನ್ನು ಬಿಟ್ಟೆವು: ಉಗುರುಬಣ್ಣ ತೆಗೆಯುವ ದ್ರವ (ಸೀಸೆಯ ಮೇಲೆ ಅಸಿಟೋನ್ ಎಂದು ಬರೆದಿರಬೇಕು), ಗಾಯ ಒರೆಸುವ ಸ್ಪಿರಿಟ್, ನೀರು, ಗ್ಲಿಸರಿನ್. ಅಸಿಟೋನ್ ಕಣ್ಣಮುಂದೆಯೇ ಆರಿಹೋಯಿತು. ಅದರ ಕುದಿಬಿಂದು 56, ಕೊಡುವ ಕೈ ಇಲ್ಲ. ಆಮೇಲೆ ಸ್ಪಿರಿಟ್, ಅದರ ಅಣುವಿಗೆ ಕೊಡುವ ಕೈ ಒಂದು. ಬಹಳ ಹೊತ್ತಿನ ಮೇಲೆ ನೀರು. ಮೂರು ಕೊಡುವ ಕೈಗಳುಳ್ಳ, 290 ಡಿಗ್ರಿಯಲ್ಲಿ ಕುದಿಯುವ ಗ್ಲಿಸರಿನ್ ಮಾತ್ರ ಮರುದಿನ ಬೆಳಿಗ್ಗೆಯೂ ಹಾಗೆಯೇ ಹೊಳೆಯುತ್ತ ಕುಳಿತಿತ್ತು.

ಬಳಿಕ ಮೂರು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಅಸಿಟೋನನ್ನೂ ಸ್ಪಿರಿಟನ್ನೂ ಗ್ಲಿಸರಿನನ್ನೂ ಒಂದೊಂದು ಚಮಚ ಹಾಕಿ ಕಲಕಿದೆವು. ಮೂರೂ ಪದರವಿಲ್ಲದೆ ಬೆರೆತುಹೋದುವು. ಆರುವುದರಲ್ಲಿ ಅಷ್ಟು ಅಂತರ, ಬೆರೆಯುವುದರಲ್ಲಿ ಅಂತರವೇ ಇಲ್ಲ. ನಾಲ್ಕನೆಯ ಲೋಟಕ್ಕೆ ಒಂದು ಚಮಚ ಕಡಲೆಕಾಯಿ ಎಣ್ಣೆ ಹಾಕಿದೆವು. ತಟ್ಟೆಯ ಮೇಲೆ ಬಿಟ್ಟಿದ್ದರೆ ಅದೂ ಗ್ಲಿಸರಿನಿನ ಹಾಗೆಯೇ ಆರದೆ ಕುಳಿತಿರುತ್ತಿತ್ತು. ನೀರಿನಲ್ಲಾದರೋ ಎಷ್ಟು ಕಲಕಿದರೂ ಮೇಲೆಯೇ ತೇಲಿತು. ಅದರಲ್ಲಿ ಆಮ್ಲಜನಕಗಳಿದ್ದರೂ ಒಂದೊಂದಕ್ಕೆ ಒಂಬತ್ತು ಹತ್ತು ಇಂಗಾಲದ ಹೊರೆ.

ಹುಡುಗಿ ಲೋಟಗಳನ್ನು ಸ್ವಲ್ಪ ಹೊತ್ತು ನೋಡುತ್ತ ಕುಳಿತಳು. ಆಮೇಲೆ ಪುಸ್ತಕ ತೆರೆದು, ಮೊದಲನೆಯ ಪ್ರಶ್ನೆಯ ಪಕ್ಕದಲ್ಲಿ “ತನ್ನವರು ಎಷ್ಟು ಹಿಡಿದಾರು?” ಎಂದೂ, ಎರಡನೆಯದರ ಪಕ್ಕದಲ್ಲಿ “ನೀರು ಎಷ್ಟು ಹಿಡಿದೀತು?” ಎಂದೂ ಸೀಸದ ಕಡ್ಡಿಯಿಂದ ಬರೆದುಕೊಂಡಳು. ಕಳೆದುಕೊಂಡ ಅಂಕಗಳು ಹಿಂದಕ್ಕೆ ಬರುವಂತಿರಲಿಲ್ಲ. ಆದರೆ ಆ ದಿನ ಊಟಕ್ಕೆ ಕುಳಿತಾಗ, ಸಾರಿನ ಮೇಲೆ ತೇಲುತ್ತಿದ್ದ ಒಗ್ಗರಣೆಯ ಎಣ್ಣೆಯನ್ನು ತೋರಿಸಿ, “ಚಿಕ್ಕಪ್ಪ, ಇದಕ್ಕೆ ಬಾಲ ಜಾಸ್ತಿ” ಎಂದಳು.